ಪದಚರ್ಚೆ: ನೆಟ್ ರನ್ ರೇಟ್‌ಗೆ ‘ಸರಾಸರಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಟೂರ್ನಿಯ ಪಾಯಿಂಟ್ಸ್ ಪಟ್ಟಿಯನ್ನು ಈ ಸಲ ಪೂರ್ತಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೆಲುವು, ಸೋಲು, ಅಂಕ ಎಲ್ಲ ಸುಲಭವಾಗಿ ಆಯಿತು. ನೆಟ್ ರನ್ ರೇಟ್ ಹತ್ತಿರ ಬಂದು ನಿಂತುಬಿಟ್ಟೆ. ಒಬ್ಬರು ‘ರನ್ ಸರಾಸರಿ’ ಅಂತ ಬರೆಯಿರಿ ಅಂದರು, ಇನ್ನೊಬ್ಬರು ‘ನಿವ್ವಳ ರನ್ ದರ’ ಅಂದರು. ಯಾವುದು ಸರಿ? ಇಲ್ಲಿ ನಿವ್ವಳ ಅಂದರೆ ಏನು?
– ಸುಮಾ, ಹಾಸನ

ಸುಮಾ ಅವರೇ, ಸರಾಸರಿಯೇ ಸರಿ. ಪ್ರತಿ ಪಂದ್ಯದಲ್ಲಿ ನಮ್ಮ ರನ್ ರೇಟ್‌ನಿಂದ ಎದುರಾಳಿಯದನ್ನು ಕಳೆಯಬೇಕು. ಹಾಗೆ ಬಂದದ್ದನ್ನೆಲ್ಲ ಕೂಡಿಸಿ, ಆಡಿದ ಪಂದ್ಯಗಳಿಂದ ಭಾಗಿಸಬೇಕು. ಇದು ಸರಾಸರಿ ತಾನೇ? ನಿವ್ವಳ ಅನ್ನೋದು ಅಂಗಡಿ ಲೆಕ್ಕದ ಮಾತು.
– ಗೋಪಾಲ, ದಾವಣಗೆರೆ

ನೆಟ್ ಅಂದರೆ ಬಲೆ ಅಲ್ವಾ? ಆಟಗಾರರು ನೆಟ್ಸ್‌ನಲ್ಲಿ ಅಭ್ಯಾಸ ಮಾಡುತ್ತಾರಲ್ಲ, ಅದರಿಂದಲೇ ಈ ಹೆಸರು ಬಂದಿರಬೇಕು.
– ಲಲಿತಾ, ಸಾಗರ

ಲಲಿತಮ್ಮಾ, ಅದು ಬೇರೆ ನೆಟ್. ಇದು ಅಕ್ಕಿ ಚೀಲದ ಮೇಲೆ ‘ನಿವ್ವಳ ತೂಕ’ ಅಂತ ಇರುತ್ತದಲ್ಲ, ಆ ನೆಟ್. ಚೀಲದ ತೂಕ ಕಳೆದ ಮೇಲೆ ಉಳಿದದ್ದು. ಇಲ್ಲಿ ನಾವು ಹೊಡೆದ ವೇಗದಿಂದ ನಾವು ಬಿಟ್ಟುಕೊಟ್ಟ ವೇಗವನ್ನು ಕಳೆಯುತ್ತೇವೆ. ಆದ್ದರಿಂದ ಅಂಗಡಿ ಲೆಕ್ಕದ ಮಾತೇ ಇದಕ್ಕೆ ಸರಿಯಾಗಿ ಕೂರುತ್ತದೆ.

ಗೋಪಾಲ ಅವರೇ, ಕಳೆಯಬೇಕು ಅಂದಿದ್ದು ಸರಿ. ಆದರೆ ಪಂದ್ಯಗಳಿಂದ ಭಾಗಿಸುವುದಿಲ್ಲ. ಒಂದು ತಂಡ ಮೊದಲ ಪಂದ್ಯದಲ್ಲಿ 20 ಓವರಿಗೆ 160 ಹೊಡೆದು, 20 ಓವರಿಗೆ 150 ಕೊಟ್ಟಿತು ಅಂತಿಟ್ಟುಕೊಳ್ಳಿ. ಎರಡನೆಯದರಲ್ಲಿ ಎದುರಾಳಿ 15 ಓವರಿಗೆ 80ಕ್ಕೆ ಆಲೌಟ್. ನಮ್ಮವರು 9 ಓವರಿನಲ್ಲೇ 81 ಹೊಡೆದು ಗೆದ್ದರು. ನಿಮ್ಮ ಲೆಕ್ಕದಲ್ಲಿ ಮೊದಲನೆಯದಕ್ಕೆ 0.5, ಎರಡನೆಯದಕ್ಕೆ 5, ಸರಾಸರಿ 2.75. ನಿಜವಾದ ಲೆಕ್ಕದಲ್ಲಿ ಹೊಡೆದ ರನ್ನೆಲ್ಲ ಒಂದು ಕಡೆ ಕೂಡಿಸುತ್ತೇವೆ. 29 ಓವರಿಗೆ 241, ಅಂದರೆ 8.31. ಕೊಟ್ಟದ್ದು 40 ಓವರಿಗೆ 230, ಅಂದರೆ 5.75. ಉಳಿದದ್ದು 2.56. ಆ 9 ಓವರಿನ ಆಟಕ್ಕೆ 20 ಓವರಿನಷ್ಟೇ ತೂಕ ಕೊಟ್ಟಿದ್ದರಿಂದ ನಿಮ್ಮ ಅಂಕಿ ಉಬ್ಬಿತು.

ಕೊಟ್ಟದ್ದರಲ್ಲಿ 35 ಓವರ್ ಅಲ್ಲ, 40 ಹಾಕಿದ್ದೇನೆ, ಗಮನಿಸಿ. ಆಲೌಟ್ ಆದ ತಂಡಕ್ಕೆ ಪೂರ್ತಿ 20 ಓವರನ್ನೇ ಹಿಡಿಯಬೇಕು. 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಆರ್‌ಸಿಬಿ 9.4 ಓವರಿನಲ್ಲಿ 49ಕ್ಕೆ ಆಲೌಟ್ ಆಯಿತಲ್ಲ. ಆಡಿದ ಓವರಿನಿಂದಲೇ ಭಾಗಿಸಿದರೆ ಓವರಿಗೆ 5 ರನ್ನಿಗಿಂತ ಜಾಸ್ತಿ ಬರುತ್ತದೆ. 20ರಿಂದ ಭಾಗಿಸಿದರೆ 2.45. ಈ ನಿಯಮ ಇಲ್ಲದಿದ್ದರೆ ಬೇಗ ಔಟಾದವರಿಗೇ ಲಾಭ.
– ಶ್ರೀಧರ, ಮೈಸೂರು (ಕ್ಲಬ್ ಸ್ಕೋರರ್)

ಶ್ರೀಧರ ಸರ್, ಹೊಟ್ಟೆ ಉರಿಯುವ ವಿಷಯ ಎತ್ತಿದಿರಿ. ಹೋದ ವರ್ಷ ಒಂದು ಟೂರ್ನಿಯಲ್ಲಿ ನಾವು 18.3 ಓವರಿನಲ್ಲಿ 120 ಹೊಡೆದು ಗೆದ್ದೆವು. ಪಟ್ಟಿ ಬರೆದವರು ಕ್ಯಾಲ್ಕುಲೇಟರಿನಲ್ಲಿ 120ನ್ನು 18.3ರಿಂದಲೇ ಭಾಗಿಸಿದ್ದರು. ಮೂರು ಚೆಂಡು ಅಂದರೆ ಅರ್ಧ ಓವರ್, 18.5 ಅಂತ ಹಾಕಬೇಕಿತ್ತು. ನಮಗೆ 6.49 ಬರಬೇಕಾದ ಕಡೆ 6.56 ಬಂತು. ತಪ್ಪಿನಿಂದ ಲಾಭ ನಮಗೇ ಆಯಿತು, ಸೆಮಿಫೈನಲ್ ಸೇರಿದೆವು. ಹೊರಗೆ ಹೋದ ತಂಡದ ಹುಡುಗರ ಮುಖ ಇನ್ನೂ ಕಣ್ಣ ಮುಂದಿದೆ. ನಾವೇ ಹೋಗಿ ಹೇಳಬೇಕಿತ್ತು.
– ನವೀನ್, ತುಮಕೂರು

ನವೀನ್, ಈ ತಪ್ಪನ್ನು ನಾನೂ ಬೇಕಾದಷ್ಟು ಸಲ ನೋಡಿದ್ದೇನೆ. ಓವರುಗಳನ್ನು ಚೆಂಡುಗಳಾಗಿ ಬರೆದುಕೊಂಡರೆ ಈ ತಪ್ಪು ಆಗುವುದಿಲ್ಲ. 111 ಚೆಂಡು, ಆರರಿಂದ ಭಾಗಿಸಿದರೆ 18.5. ಪಟ್ಟಿಯಲ್ಲಿ ಅನುಮಾನ ಬಂದರೆ ನಾನು ಮೊದಲು ನೋಡುವುದು ಇದನ್ನೇ, ಆಮೇಲೆ ಆಲೌಟ್ ಪಂದ್ಯಗಳನ್ನು.
– ಶ್ರೀಧರ

ಹಾಗಾದರೆ ಸರಾಸರಿ ಬೇಡ, ಒಪ್ಪಿದೆ. ಆದರೆ ‘ದರ’ ಅಂದ ತಕ್ಷಣ ನನಗೆ ಈರುಳ್ಳಿ ದರ ನೆನಪಾಗುತ್ತದೆ. ‘ರನ್ ವೇಗ’ ಅನ್ನಬಾರದಾ?
– ಗೋಪಾಲ

ವೇಗ ಅಂದರೆ ಬೌಲರ್‌ನ ವೇಗ ಅಂದುಕೊಳ್ಳುತ್ತಾರೆ, ಗೋಪಾಲ ಅವರೇ. ಒಂದು ಮಾತು ನೋಡಿ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ 218 ಹೊಡೆದ ಮೇಲೆ ಎಲ್ಲರೂ ‘ಚೆನ್ನೈಯನ್ನು 200ಕ್ಕೆ ಕಟ್ಟಿಹಾಕಬೇಕು’ ಅಂದರೇ ಹೊರತು ಯಾರೂ ದರ, ಸರಾಸರಿ ಅನ್ನಲಿಲ್ಲ. ಕೊನೆಯ ಓವರಿನಲ್ಲಿ ಚೆನ್ನೈಗೆ ಗೆಲ್ಲಲು 35 ಬೇಕಿತ್ತು. ಪ್ಲೇಆಫ್ ಸೇರಲು 17 ಸಾಕಿತ್ತು. ಬಂದದ್ದು 7. ಎರಡೂ ತಂಡಕ್ಕೆ 14 ಅಂಕ, ಆರ್‌ಸಿಬಿ 0.459, ಚೆನ್ನೈ 0.392. ಜನ ನೆಟ್ ರನ್ ರೇಟನ್ನು ‘ಇಷ್ಟು ರನ್ ಬೇಕು’ ಅಂತ ಬಿಡಿಸಿಕೊಂಡೇ ಮಾತಾಡುತ್ತಾರೆ.
– ಶ್ರೀಧರ

ಸದ್ಯಕ್ಕೆ ‘ನಿವ್ವಳ ರನ್ ರೇಟ್’ ಅಂತ ಬರೆಯುತ್ತೇನೆ. ಅಂಕಿ ಸೊನ್ನೆಗಿಂತ ಕೆಳಗೆ ಹೋದಾಗ ‘ಋಣ’ ಅನ್ನಬೇಕಾ, ‘ಮೈನಸ್’ ಅಂತಲೇ ಬಿಡಬೇಕಾ? ನಮ್ಮ ಹುಡುಗರು ‘ಮೈನಸ್‌ನಲ್ಲಿದ್ದೀವಿ’ ಅಂತಲೇ ಅನ್ನೋದು.
– ಸುಮಾ