ಸ್ವಿಚ್ ಆಫ್ ಇದ್ದಾಗಲೂ ಬಿಸಿಯಾಗುವ ಪ್ಲಗ್ಗು

ಪ್ರಶ್ನೆ (ಸರಸ್ವತಿಪುರಂ, ಬಾಡಿಗೆ ಮನೆಯವರು): ಮಂಚದ ಪಕ್ಕದ ಬೋರ್ಡಿನಲ್ಲಿ ಫೋನ್ ಚಾರ್ಜರ್ ನಿಲ್ಲಲ್ಲ, ಜೋತುಬೀಳುತ್ತೆ. ಎರಡು ತಿಂಗಳಿಂದ ಕಾಗದ ಮಡಚಿ ಕೆಳಗೆ ಒತ್ತಿಟ್ಟು ಸುಧಾರಿಸ್ತಿದ್ದೆ. ನಿನ್ನೆ ಚಿಟಪಟ ಅಂತ ಸದ್ದಾಗಿ ನೀಲಿ ಕಿಡಿ ಬಂತು. ಎಡಗಡೆ ತೂತಿನ ಸುತ್ತ ಕಂದು ಕಲೆ ಇದೆ, ಪಿನ್ನು ಮುಟ್ಟಿದರೆ ಬಿಸಿ. ಓನರ್ ಅಂಕಲ್ "ಚಾರ್ಜರ್ ಹಾಳಾಗಿದೆ, ಹೊಸದು ತಗೋಮ್ಮ" ಅಂತಾರೆ. ಎಂಸಿಬಿ ಒಂದು ಸಲಾನೂ ಬಿದ್ದಿಲ್ಲ. ಇದಕ್ಕೆ ಎಲೆಕ್ಟ್ರೀಷಿಯನ್ ಬೇಕಾ?

ಮಂಡ್ಯದ ವೈರಿಂಗ್ ಮೇಸ್ತ್ರಿ: ಬೇಕು ಮೇಡಂ. ಅವರು ಬರೋವರೆಗೆ ಆ ಪ್ಲಗ್ಗಿಗೆ ಏನೂ ಹಾಕಬೇಡಿ, ಕಾಗದವನ್ನಂತೂ ಈಗಲೇ ತೆಗೀರಿ. ಚಾರ್ಜರಿನ ಡಬ್ಬಿ ಬೆಚ್ಚಗಾದರೆ ತಲೆ ಕೆಡಿಸ್ಕೋಬೇಡಿ, ಅದು ಆಗೋದೇ. ಪಿನ್ನು ಬಿಸಿ, ಪ್ಲೇಟು ಬಿಸಿ, ಕಲೆ ಬಿದ್ದಿದೆ ಅಂದ್ರೆ ಗೋಡೆ ಕಡೆ ದೋಷ. ಅದೇ ಚಾರ್ಜರನ್ನ ಬೇರೆ ರೂಮಿನಲ್ಲಿ ಹಾಕಿ, ಅರ್ಧ ಗಂಟೆ ಬಿಟ್ಟು ತೆಗೆದು ಪಿನ್ನು ಮುಟ್ಟಿ ನೋಡಿ.

ಇನ್ನೊಂದು ವಿಷಯ ಹೇಳಿ. ಆ ಬೋರ್ಡಿನಲ್ಲಿ ಇನ್ನೊಂದು ಪ್ಲಗ್ಗಿದೆಯಾ? ಅದಕ್ಕೆ ಏನು ಹಾಕ್ತೀರಿ?

ಕುವೆಂಪುನಗರದ ಹಿರಿಯರು: ಇದಕ್ಯಾಕಮ್ಮ ಮೇಸ್ತ್ರಿ? ನಮ್ಮ ಕಾಲದಲ್ಲಿ ಪಿನ್ನಿನ ನಡುವಿನ ಸೀಳಿಗೆ ಬ್ಲೇಡು ತೂರಿಸಿ ಅಗಲಿಸಿದ್ರೆ ಬಿಗಿಯಾಗಿ ಕೂರೋದು. ಎಂಸಿಬಿ ಬಿದ್ದಿಲ್ಲ ಅಂದಮೇಲೆ ಅಪಾಯವೂ ಇಲ್ಲ.

ಮೇಸ್ತ್ರಿ: ಸಾರ್, ಸೀಳು ಪಿನ್ನಿನ ಹಳೇ ಹಿತ್ತಾಳೆ ಪ್ಲಗ್ಗಿಗೆ ನೀವು ಹೇಳೋದು ಸರಿ, ನಾನೂ ಮಾಡಿದ್ದೀನಿ. ಫೋನ್ ಚಾರ್ಜರಿನ ಪಿನ್ನು ಗಟ್ಟಿ ಸಾರ್, ಸೀಳೇ ಇರಲ್ಲ. ಅದು ತೆಳುವೂ ಹೌದು, ಸುಮಾರು 4 ಮಿ.ಮೀ. ನಮ್ಮ ಮೂರು ಪಿನ್ನಿನ ಪ್ಲಗ್ಗಿನದು 5 ಮಿ.ಮೀ. ದಾಟುತ್ತೆ. ಒಳಗಿನ ಸ್ಪ್ರಿಂಗ್ ಪಟ್ಟಿ ಸ್ವಲ್ಪ ಸಡಿಲವಾದ್ರೂ ಮೊದಲು ಜೋತುಬೀಳೋದು ಚಾರ್ಜರೇ.

ಎಂಸಿಬಿ ಬಗ್ಗೆ ಮಾತ್ರ ನಾನು ಒಪ್ಪಲ್ಲ. ಲೆಕ್ಕಕ್ಕಿಂತ ಹೆಚ್ಚು ಕರೆಂಟ್ ಹರಿದ್ರೆ ಅದು ಬೀಳುತ್ತೆ. ಲೂಸ್ ಕಾಂಟ್ಯಾಕ್ಟಿನಲ್ಲಿ ಕರೆಂಟ್ ಹೆಚ್ಚಾಗಲ್ಲ, ಒಂಚೂರು ಕಡಿಮೆಯೇ ಆಗುತ್ತೆ. ಒಳಗೆ ಪ್ಲಾಸ್ಟಿಕ್ಕು ಕರಗ್ತಿದ್ರೂ ಅದಕ್ಕೆ ಗೊತ್ತಾಗಲ್ಲ.

ವಿಜಯನಗರದಿಂದ ಒಬ್ಬರು: ನಮ್ಮನೇಲೂ ಇದೇ! ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಅದರ ಲೋಹದ ಮೈ ಸವರಿದ್ರೆ ಜುಮ್ ಅನ್ನುತ್ತೆ. ಸಾಕೆಟ್ ಬದಲಾಯಿಸ್ಲಾ?

ಮೇಸ್ತ್ರಿ: ಅದು ಬೇರೆ ಕಥೆ ಅಣ್ಣ, ಅರ್ಥಿಂಗ್ ಕಡೆ ನೋಡಬೇಕು. ಬೇರೆ ಪ್ರಶ್ನೆಯಾಗಿ ಹಾಕಿ. ಇಲ್ಲಿ ಸೇರಿಸಿದ್ರೆ ಎರಡೂ ಕೆಡುತ್ತೆ.

ಪ್ರಶ್ನೆ ಕೇಳಿದವರು: ಹಾಲಿನ ಬೋರ್ಡಿನಲ್ಲಿ ಅದೇ ಚಾರ್ಜರ್ ಹಾಕಿದೆ, ಪಿನ್ನು ತಣ್ಣಗಿದೆ. ಮಂಚದ ಬೋರ್ಡಿನಲ್ಲಿ ಎರಡು ಪ್ಲಗ್ಗು, ಇನ್ನೊಂದರಲ್ಲಿ ದಿನಾ ಬೆಳಿಗ್ಗೆ ಇಸ್ತ್ರಿ ಮಾಡ್ತೀನಿ. ನೀವು ಕೇಳಿದ ಮೇಲೆ ನೆನಪಾಯ್ತು: ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಈಚೆಗೆ ಮಿಣಮಿಣ ಅನ್ನುತ್ತೆ. ವಿಚಿತ್ರ ಅಂದ್ರೆ, ಇವತ್ತು ಇಸ್ತ್ರಿ ಮಾಡುವಾಗ ಚಾರ್ಜರಿನ ಪ್ಲಗ್ಗು ಖಾಲಿ ಇತ್ತು, ಅದರ ಸ್ವಿಚ್ಚೂ ಆಫ್. ಆದ್ರೂ ಪ್ಲೇಟು ಬಿಸಿ!

ಮೇಸ್ತ್ರಿ: ವಿಚಿತ್ರ ಏನಿಲ್ಲ ಮೇಡಂ, ಕಳ್ಳ ಸಿಕ್ಕಿಬಿದ್ದ. ಇಸ್ತ್ರಿನೂ ಅಲ್ಲಿ ನಿಲ್ಲಿಸಿ.

ಚಾರ್ಜರ್ ಎಳೆಯೋದು ಕಾಲು ಆಂಪಿಯರ್ ಸಹ ಇಲ್ಲ. ಅಷ್ಟಕ್ಕೇ ಪ್ಲೇಟು ಕಂದಾಗೋದು ನನಗೆ ಅನುಮಾನ ಇತ್ತು. ಸಾಕೆಟ್ಟನ್ನ ಎದುರಿಂದ ನೋಡಿದಾಗ ಅರ್ಥಿಂಗ್ ತೂತು ಮೇಲೆ, ಬಲಕ್ಕೆ ಫೇಸು, ಎಡಕ್ಕೆ ನ್ಯೂಟ್ರಲ್ ಇರಬೇಕು. ನಿಮ್ಮ ಕಲೆ ಎಡಕ್ಕಿದೆ. ವೈರಿಂಗ್ ಮಾಡುವಾಗ ಎಷ್ಟೋ ಜನ ನ್ಯೂಟ್ರಲ್ ವೈರನ್ನ ಮೊದಲನೇ ಸಾಕೆಟ್ಟಿನ ಸ್ಕ್ರೂಗೆ ಕೊಟ್ಟು, ಅಲ್ಲಿಂದ್ಲೇ ಇನ್ನೊಂದು ತುಂಡು ಎರಡನೇ ಸಾಕೆಟ್ಟಿಗೆ ಎಳೀತಾರೆ. ಲೂಪ್ ಹಾಕೋದು ಅಂತೀವಿ. ನಿಮ್ಮದೂ ಹಾಗೇ ಇದ್ದಂಗಿದೆ. ಅಂದ್ರೆ ಇಸ್ತ್ರಿ ಪೆಟ್ಟಿಗೆಯ ಕರೆಂಟೆಲ್ಲ ಚಾರ್ಜರ್ ಸಾಕೆಟ್ಟಿನ ಎಡಗಡೆ ಸ್ಕ್ರೂ ದಾಟಿಯೇ ವಾಪಸ್ ಹೋಗಬೇಕು. ನಿಮ್ಮ ಸ್ವಿಚ್ ತಡೆಯೋದು ಫೇಸನ್ನ ಮಾತ್ರ, ಅದಕ್ಕೇ ಆಫ್ ಇದ್ರೂ ಬಿಸಿ.

1000 ವ್ಯಾಟಿನ ಇಸ್ತ್ರಿ ಅಂದ್ರೆ 230 ವೋಲ್ಟಿಗೆ 4.3 ಆಂಪಿಯರ್. ಆ ಸಡಿಲ ಸ್ಕ್ರೂನಲ್ಲಿ ಅರ್ಧ ಓಮ್ ತಡೆ ಅಂತ ಅಂದಾಜು ಇಟ್ಕೊಳ್ಳಿ, ಅಲ್ಲೇ 9 ವ್ಯಾಟ್ ಶಾಖ. ಒಂದು ಎಲ್‌ಇಡಿ ಬಲ್ಬ್ ತಗೊಳ್ಳೋ ಅಷ್ಟೂ ಪವರ್ ಒಂದು ಸ್ಕ್ರೂ ತಲೆಯಲ್ಲಿ ಕೂತಂಗೆ. ಆ ಶಾಖಕ್ಕೆ ಪಕ್ಕದ ಸ್ಪ್ರಿಂಗ್ ಪಟ್ಟಿ ಬಿಗಿ ಕಳ್ಕೊಳ್ತು, ಆಮೇಲೆ ಚಾರ್ಜರ್ ಜೋತುಬಿತ್ತು, ಕಿಡಿ ಬಂತು. ಹೊಸ ಚಾರ್ಜರ್ ತಂದ್ರೂ ಇದೇ ಗತಿ.

ಹಿರಿಯರು: ಲೂಪು ನನಗೆ ಹೊಳೀಲಿಲ್ಲಪ್ಪ. ಹಾಗಾದ್ರೆ ಸ್ವಿಚ್ ಆಫ್ ಮಾಡಿ, ಬಿಚ್ಚಿ, ಸ್ಕ್ರೂ ಬಿಗಿ ಮಾಡಿದ್ರೆ ಮುಗೀತಲ್ಲ?

ಮೇಸ್ತ್ರಿ: ಅಲ್ಲೇ ಸಾರ್ ಜನ ಏಟು ತಿನ್ನೋದು. ಆ ನ್ಯೂಟ್ರಲ್ ಸ್ಕ್ರೂನಿಂದ ವೈರು ಪೂರ್ತಿ ಕಳಚಿಕೊಂಡಿದ್ದು, ಪಕ್ಕದಲ್ಲಿ ಇಸ್ತ್ರಿ ಆನ್ ಇದ್ರೆ, ಫೇಸು ಇಸ್ತ್ರಿಯ ಕಾಯಿಲ್ ಒಳಗಿಂದ ಹಾದು ಈ ಕಡೆ ತುದಿಗೆ ಬಂದು ನಿಂತಿರುತ್ತೆ. ನ್ಯೂಟ್ರಲ್ ಅಂತ ಮುಟ್ಟಿದ್ರೆ ಪೂರಾ 230 ವೋಲ್ಟ್. ಬೋರ್ಡಿನ ಸ್ವಿಚ್ಚೆಲ್ಲ ಆಫ್ ಮಾಡಿದ್ರೂ ಆ ಸ್ವಿಚ್ಚುಗಳಿಗೆ ಬರೋ ಫೇಸು ಅದೇ ಡಬ್ಬಿಯೊಳಗೆ ಜೀವಂತ ಇರುತ್ತೆ. ಸಣ್ಣ ಎಂಸಿಬಿ ಇಳಿಸಿದ್ರೂ ಕಟ್ ಆಗೋದು ಫೇಸು ಒಂದೇ, ಹಾಗಾಗಿ ಎರಡನ್ನೂ ಕಟ್ ಮಾಡೋ ಮೇನ್ ಸ್ವಿಚ್ಚೇ ಇಳಿಸಬೇಕು. ಇಳಿಸಿದ ಮೇಲೂ ನಾನು ಟೆಸ್ಟರ್ ಒಂದನ್ನೇ ನಂಬಲ್ಲ, ಟೆಸ್ಟ್ ಲ್ಯಾಂಪ್ ಹಚ್ಚಿ ನೋಡ್ತೀನಿ.

ಬರೀ ಬಿಗಿ ಮಾಡಿದ್ರೆ ಸಾಲದು ಕೂಡ. ಕಾದು ಕಪ್ಪಾದ ತಾಮ್ರ ಸ್ಕ್ರೂ ಕೆಳಗೆ ಸರಿಯಾಗಿ ಕೂರಲ್ಲ. ಹೊಳೆಯೋ ತಾಮ್ರ ಕಾಣೋವರೆಗೂ ಕತ್ತರಿಸಿ ಹೊಸದಾಗಿ ಸುಲೀಬೇಕು, ಸಾಕೆಟ್ ಬದಲಿಸಬೇಕು. ಎರಡು ನ್ಯೂಟ್ರಲನ್ನ ಸಾಕೆಟ್ ಸ್ಕ್ರೂಗೆ ಹೇರದೆ ಬೇರೆ ಕನೆಕ್ಟರಿನಲ್ಲಿ ಸೇರಿಸಿ, ಅಲ್ಲಿಂದ ಒಂದೊಂದು ತುಂಡು ಕೊಟ್ಟರೆ ಒಳ್ಳೇದು. ಕೊನೆಗೆ ಇಸ್ತ್ರಿ ಹಾಕಿ ಕಾಲು ಗಂಟೆ ಬಿಟ್ಟು ಎರಡೂ ಪ್ಲೇಟು ಮುಟ್ಟಿ ನೋಡೋಕೆ ಹೇಳಿ, ಅಲ್ಲಿವರೆಗೂ ಅವರನ್ನ ಕಳಿಸಬೇಡಿ.

ಪ್ರಶ್ನೆ ಕೇಳಿದವರು (ಎರಡು ದಿನದ ಮೇಲೆ): ಎಲೆಕ್ಟ್ರೀಷಿಯನ್ ಬಂದು ಬಿಚ್ಚಿದ್ರು. ಎಡಗಡೆ ಸ್ಕ್ರೂಗೆ ಎರಡು ವೈರು, ಅದರಲ್ಲಿ ಒಂದು ನಾಲ್ಕೈದು ಎಳೆಯಲ್ಲಿ ಮಾತ್ರ ಹಿಡ್ಕೊಂಡಿತ್ತು. ಒಂದಿಂಚು ಕಪ್ಪಾಗಿ, ಮೇಲಿನ ಪ್ಲಾಸ್ಟಿಕ್ ಗರಿಗರಿ. ಕತ್ತರಿಸಿದ ಮೇಲೆ ವೈರು ಗಿಡ್ಡ ಆಯ್ತು, ಪೈಪಿನಿಂದ ಎಳೆದು ಸರಿಮಾಡೋಕೆ ಒಂದು ಗಂಟೆ ಹಿಡೀತು. ಈಗ ಇಸ್ತ್ರಿ ಹಾಕಿದ್ರೂ ಪ್ಲೇಟು ತಣ್ಣಗೆ. ದುಡ್ಡು ಯಾರು ಕೊಡಬೇಕು ಅಂತ ಓನರ್ ಅಂಕಲ್ ಜೊತೆ ಇನ್ನೂ ಮಾತುಕತೆ ನಡೀತಿದೆ. ಒಂದು ಅನುಮಾನ: ನಮ್ಮ ರೂಮಿನ ಎಂಸಿಬಿ ಮೇಲೆ C32 ಅಂತ ಬರೆದಿದೆ. ಸರಿ ಇದೆಯಾ?

ಹಿರಿಯರು: ದೊಡ್ಡದಿದ್ರೆ ಒಳ್ಳೇದೇ ಅಲ್ವೇನಮ್ಮ, ಸುಮ್ಮಸುಮ್ಮನೆ ಬೀಳಲ್ಲ.

ಮೇಸ್ತ್ರಿ: ಇಲ್ಲ ಸಾರ್, ಅದು ಕಾಯಬೇಕಾದ್ದು ಗೋಡೆಯೊಳಗಿನ ವೈರನ್ನ. ಮೇಡಂ, ಅಲ್ಲಿ ಎಳೆದಿರೋದು 1.5 ಸ್ಕ್ವೇರ್ ಎಂಎಂ ಆಗಿದ್ರೆ 32 ಆಂಪಿಯರ್ ಎಂಸಿಬಿ ತಪ್ಪು, ವೈರು ಸುಟ್ಟ ಮೇಲೆ ಬೀಳುತ್ತೆ. ಬಂದಿದ್ದ ಎಲೆಕ್ಟ್ರೀಷಿಯನ್‌ಗೇ ಫೋನ್ ಮಾಡಿ, ಬಿಚ್ಚಿದಾಗ ಎಷ್ಟು ದಪ್ಪದ ವೈರು ನೋಡಿದ್ರು ಅಂತ ಕೇಳಿ ಇಲ್ಲಿ ಹಾಕಿ.