ಡ್ರಿಪ್ಪಿನಾಗ ಗೊಬ್ಬರ ಬಿಟ್ಟು ಡ್ರಿಪ್ಪರ್ ಕಟ್ಟಿದ್ರ ಏನ ಮಾಡೀರಿ?

ಕೇಳಿದವರು, ರೋಣ ತಾಲೂಕು
ಒಂದ ಎಕರೆ ಮೆಣಸಿನಗಿಡ, ಎರಿ ಹೊಲ, ಬೋರಿನ ನೀರು. ವೆಂಚುರಿಲೆ ವಾರಕ್ಕೊಮ್ಮೆ 12:61:0 ಬಿಡ್ತೇನಿ, ನಾಕ ದಿನ ಬಿಟ್ಟು ಕ್ಯಾಲ್ಸಿಯಂ ನೈಟ್ರೇಟ್. ಎರಡೂ ಒಮ್ಮೆನೂ ಕೂಡಿಸಿಲ್ಲ. ಆದ್ರೂ ಎರಡ ತಿಂಗಳದಾಗ ಸಾಲಿನ ತುದಿಗೆ ನೀರ ಬರವಲ್ದು. ಡ್ರಿಪ್ಪರ್ ಬಾಯಾಗ ಬಿಳೇ ಪದರ, ಗಿಡದ ಸುತ್ತ ಮಣ್ಣಿನ ಮ್ಯಾಲೂ ಬಿಳುಪು. ಹಿಂಗ ಆದವರು ಏನ ಮಾಡೀರಿ?

ಸವಣೂರಿನಿಂದ
ಆ್ಯಸಿಡ್ ಹೊಡಿರಿ ಅಣ್ಣಾರ, ಬ್ಯಾರೆ ದಾರಿನ ಇಲ್ಲ. ನಾ ತಿಂಗಳಿಗೊಮ್ಮೆ ಎಕರೆಗೆ ಎರಡ ಲೀಟರ್ ಬಿಡ್ತೇನಿ, ಮರುದಿನ ಎಲ್ಲಾ ಚಾಲೂ. ಅದಕ್ಕೂ ಬಗ್ಗಲಿಲ್ಲಂದ್ರ ಅದರಾಗ ಒಂದ ಬೊಗಸಿ ಬ್ಲೀಚಿಂಗ್ ಪೌಡರ್ ಹಾಕ್ರಿ.

ಧಾರವಾಡದಿಂದ, ಡ್ರಿಪ್ ಜೋಡಿಸೋ ಕೆಲಸದವ
ಸವಣೂರಿನವ್ರ, ಆ ಕಡೀ ಮಾತು ದಯಮಾಡಿ ಯಾರೂ ಮಾಡಬ್ಯಾಡ್ರಿ. ಆ್ಯಸಿಡ್ ಮತ್ತ ಬ್ಲೀಚಿಂಗ್ ಕೂಡಿದ್ರ ಕ್ಲೋರಿನ್ ಗಾಳಿ ಏಳ್ತದ, ಬಕೀಟ್ ಮ್ಯಾಲ ಬಗ್ಗಿದವನ ಎದಿ ಹಿಡಿತದ. ಬ್ಲೀಚಿಂಗ್ ಇರೋದು ಪಾಚಿ, ಲೋಳಿಗೆ. ಬಿಳೇ ಪದರಕ್ಕ ಅದರಿಂದ ಏನೂ ಆಗೂದಿಲ್ಲ.

ರೋಣದವ್ರ, ಆ್ಯಸಿಡ್ ತರೋ ಮೊದಲ ಒಂದ ಕೆಲಸ ಮಾಡ್ರಿ. ತುದಿಯ ಕಟ್ಟಿದ ಡ್ರಿಪ್ಪರ್ ಒಂದನ್ನ ಕತ್ತರಿಸಿ ಸೀಳ್ರಿ, ಆ ಬಿಳೇದನ್ನ ಕೆರದು ಗಾಜಿನ ಲೋಟದಾಗ ಹಾಕಿ, ನೀರು ಕೂಡಿಸಿದ ಆ್ಯಸಿಡ್ ನಾಕ ಹನಿ ಬಿಡ್ರಿ. ಬುರುಗು ಎದ್ರ ಅದು ಬರೇ ನೀರಿನ ಸುಣ್ಣ. ಬುರುಗು ಇಲ್ದ ಸುಮ್ಮನ ಕರಗಿದ್ರ ರಂಜಕದ ಗಸಿ, ಅಂದ್ರ ನಿಮ್ಮ 12:61:0 ಕೆಲಸ. ಬುರುಗೂ ಇಲ್ಲ, ಕರಗೂದೂ ಇಲ್ಲಂದ್ರ ಜಿಪ್ಸಮ್ ಕಟ್ಟೈತಿ, ಅದಕ್ಕ ಆ್ಯಸಿಡ್ ಎಷ್ಟ ಹೊಡದ್ರೂ ರೊಕ್ಕ ದಂಡ. 0:0:50 ಮತ್ತ ಕ್ಯಾಲ್ಸಿಯಂ ನೈಟ್ರೇಟ್ ಬೆನ್ನಹಿಂದ ಬೆನ್ನು ಬಿಟ್ಟವರ ಪೈಪಿನಾಗ ಅದನ್ನ ನೋಡೀನಿ.

ರೋಣ
ನೋಡಿದ್ನಿರಿ. ಮೊದಲ ಸ್ವಲ್ಪ ಬುರುಗು ಬಂತು, ಆಮ್ಯಾಲ ಉಳದದ್ದು ಸುಮ್ಮನ ಕರಗಿತು. ಆದ್ರ ನಾ ರಂಜಕದ ಜೋಡಿ ಕ್ಯಾಲ್ಸಿಯಂ ಕೂಡಿಸೇ ಇಲ್ಲಲ್ರಿ?

ಧಾರವಾಡದಿಂದ
ನೀವು ಕೂಡಿಸಿಲ್ಲ, ನಿಮ್ಮ ಬೋರು ಕೂಡಿಸೈತಿ. ಗಡಸು ನೀರಿನಾಗ ಕ್ಯಾಲ್ಸಿಯಂ ಮೊದಲ ಇರ್ತದ. ಇದು ಬಕೀಟಿನಾಗ ಗೊತ್ತಾಗೂದಿಲ್ಲ, ಯಾಕಂದ್ರ 12:61:0 ಹುಳಿ ಗುಣದ್ದು. ದಪ್ಪಗ ಕರಗಿಸಿದಾಗ ಆ ಹುಳಿ ಎಲ್ಲಾ ಹಿಡಕೊಂಡಿರ್ತದ, ನೀರು ತಿಳಿ ಕಾಣ್ತದ. ಪೈಪಿಗೆ ಹೋಗಿ ಸಾವಿರಾರು ಲೀಟರ್ ಬೋರ್ ನೀರು ಕೂಡಿದ ಮ್ಯಾಲ ಹುಳಿ ಸತ್ತು ಗಸಿ ಇಳೀತದ. ತುದಿಯ ಡ್ರಿಪ್ಪರ್ ಮೊದಲ ಕಟ್ಟೋದೂ ಇದಕ್ಕ, ಅಲ್ಲಿ ನೀರಿನ ಓಟ ನಿಧಾನ.

ನಂಬಿಗಿ ಬರಲಿಲ್ಲಂದ್ರ ಬಾಟ್ಲಿಯೊಳಗ ನೋಡ್ರಿ. ಸಾಲು ಐದ ಫೂಟು, ಡ್ರಿಪ್ಪರ್ 40 ಸೆಂ.ಮೀ.ಗೊಂದು, ತಾಸಿಗೆ ಎರಡ ಲೀಟರಿಂದು ಅಂತ ಹಿಡದ್ರ ಅರ್ಧ ಎಕರೆ ವಾಲ್ವಿಗೆ ತಾಸಿಗೆ 6,600 ಲೀಟರ್ ಹತ್ರ ಓಡ್ತದ. ಎರಡ ಕಿಲೋ ಗೊಬ್ಬರ 20 ಮಿನಿಟಿನಾಗ ಬಿಟ್ರ 2,200 ಲೀಟರಿನಾಗ ಬಿತ್ತು, ಲೀಟರಿಗೆ ಒಂದ ಗ್ರಾಂ ಹತ್ರ. ಅಷ್ಟ ಗೊಬ್ಬರ ಒಂದ ಲೀಟರ್ ಬೋರ್ ನೀರಿಗೆ ಹಾಕಿ, ಇನ್ನೊಂದ ಬಾಟ್ಲಿಯಾಗ ಕುಡಿಯೋ ಆರ್‌ಓ ನೀರಿಗೂ ಅಷ್ಟ ಹಾಕಿ, ರಾತ್ರಿ ಬಿಟ್ಟು ಮುಂಜಾನೆ ಬೆಳಕಿಗೆ ಹಿಡೀರಿ.

ಹಾವೇರಿ ಕಡೆಯಿಂದ
ನಂದೂ ಇದ ಗೋಳು. ಕೃಷಿ ಹೊಂಡದ ನೀರು, ಜಾಳಗಿ ಫಿಲ್ಟರ್ ದಿನಾ ಹಸರ ಹಸರ. ನಾನೂ ಆ್ಯಸಿಡ್ ಹೊಡೀಲೇನ್ರಿ?

ಧಾರವಾಡದಿಂದ
ನಿಮ್ಮದು ಬ್ಯಾರೆ ಐತಿ ಅಕ್ಕಾರ. ಅದು ಪಾಚಿ. ಹೊಂಡಕ್ಕ ನೆರಳು, ಜಾಳಗಿ ಮುಂದ ಮರಳಿನ ಫಿಲ್ಟರ್, ಪೈಪಿನ ಬಾಯಿ ತಳಕ್ಕೂ ಬ್ಯಾಡ ಮ್ಯಾಲೂ ಬ್ಯಾಡ, ನಡುವ ತೂಗಲಿ.

ರೋಣ
ಬೋರಿನ ಬಾಟ್ಲಿ ಮೋಡ ಆಗೈತಿ, ತಳಕ್ಕ ಹಿಟ್ಟಿನಂಗ ಕುಂತೈತಿ. ಆರ್‌ಓ ತಿಳಿ ಐತಿ. ಈಗ ಆ್ಯಸಿಡ್ ಎರಡ ಲೀಟರ್ ಸಾಕೇನ್ರಿ?

ಧಾರವಾಡದಿಂದ
ಲೆಕ್ಕ ನಿಮ್ಮ ನೀರು ಹೇಳ್ತದ, ಸವಣೂರಿನ ಲೆಕ್ಕ ರೋಣಕ್ಕ ನಡಿಯೂದಿಲ್ಲ. ಹತ್ತ ಲೀಟರ್ ಬೋರ್ ನೀರು ಪ್ಲಾಸ್ಟಿಕ್ ಬಕೀಟಿನಾಗ ತಗೊಂಡು, ಸಿರಿಂಜಿಲೆ ಒಂದೊಂದ ಎಂ.ಎಲ್. ಹೈಡ್ರೋಕ್ಲೋರಿಕ್ ಆ್ಯಸಿಡ್ ಹಾಕ್ಕೋತ ಪಿಎಚ್ ಕಾಗದ ಅದ್ದಿ ನೋಡ್ರಿ, ನಾಕರ ಕೆಳಗ ಇಳಿಯೂತನಕ. ನಿಮ್ಮಲ್ಲಿ ಏಳ ಎಂ.ಎಲ್. ಆತು ಅನ್ಕೊಳ್ರಿ. ಅರ್ಧ ಎಕರೆ ವಾಲ್ವಿಗೆ 15 ಮಿನಿಟಿನಾಗ 1,650 ಲೀಟರ್ ಓಡ್ತದ, ಅಂದ್ರ ಸುಮಾರು 1.2 ಲೀಟರ್ ಆ್ಯಸಿಡ್. ನೀರಿನಾಗ ಆ್ಯಸಿಡ್ ಹಾಕ್ರಿ, ಆ್ಯಸಿಡಿನಾಗ ನೀರು ಹಾಕಬ್ಯಾಡ್ರಿ. ಕೈಗವಸು, ಕನ್ನಡಕ ಇರಲಿ. ತುದಿಯ ಡ್ರಿಪ್ಪರ್ ಹನಿಗೆ ಕಾಗದ ಹಿಡದು ನಾಕರ ಕೆಳಗ ತೋರಿಸಿದ ಮ್ಯಾಲ ಮೋಟಾರ ನಿಲ್ಲಿಸಿ ರಾತ್ರಿಯೆಲ್ಲಾ ಬಿಡ್ರಿ. ಮುಂಜಾನೆ ನಾಕೈದ ಸಾಲಿನ ತುದಿ ಬಿಚ್ಚಿ, ನೀರು ತಿಳಿ ಆಗೂತನಕ ಹೊರಗ ಬಿಡ್ರಿ, ಆಮ್ಯಾಲ ಮುಂದಿನ ನಾಕೈದು. ಎಲ್ಲಾ ಒಮ್ಮೆ ಬಿಚ್ಚಿದ್ರ ರಭಸ ಇರೂದಿಲ್ಲ, ಹೊಲಸು ಅಲ್ಲೇ ಕುಂದರ್ತದ.

ಮೊದಲೂ ಆಮ್ಯಾಲೂ ಅಳೀರಿ. ಡ್ರಿಪ್ಪರ್ ಕೆಳಗ ಲೋಟ ಇಟ್ಟು ಆರ ಮಿನಿಟು. ಎರಡ ಲೀಟರಿನ ಡ್ರಿಪ್ಪರ್ ಆದ್ರ 200 ಎಂ.ಎಲ್. ಬರಬೇಕು.

ಇನ್ನ ಗೊಬ್ಬರ. ನಿಮ್ಮ ನೀರಿಗೆ 12:61:0 ಬ್ಯಾಡ. ರಂಜಕ ಬುಡಕ್ಕ ಮೊದಲ ಹಾಕಿಬಿಡ್ರಿ, ಇಲ್ಲಂದ್ರ 17:44:0 ತರ್ರಿ, ಅದರ ಹುಳಿ ಜಾಸ್ತಿ. ತಂದ ಮ್ಯಾಲೂ ಬಾಟ್ಲಿ ಪರೀಕ್ಷೆ ತಪ್ಪಸಬ್ಯಾಡ್ರಿ. ಗೊಬ್ಬರ ಮುಗಿದ ಮ್ಯಾಲ ಕನಿಷ್ಠ 20 ಮಿನಿಟು ಬರೇ ನೀರು. ತ್ರೀಫೇಸ್ ಹೋಗೋ ಹೊತ್ತಿನಾಗ ಗೊಬ್ಬರ ಚಾಲೂ ಮಾಡೋದನ್ನ ಬಿಡ್ರಿ. ಪೈಪಿನಾಗ ಗೊಬ್ಬರ ನಿಂತು ರಾತ್ರಿಯೆಲ್ಲಾ ಗಸಿ ಕುಂತ ಹೊಲ ನಾ ಎಷ್ಟೋ ನೋಡೀನಿ.

ಗದಗಿನಿಂದ, ಒಬ್ಬ ಹಿರಿಯರು
ತಮ್ಮಾ, ಮಣ್ಣಿನ ಮ್ಯಾಲಿನ ಬಿಳುಪಿನ ಮಾತು ಯಾರೂ ಎತ್ತಲಿಲ್ಲ. ಹನಿ ಬಿದ್ದಲ್ಲಿಂದ ನೀರು ಸುತ್ತ ಹರಡ್ತದ, ಉಪ್ಪನ್ನ ತಳ್ಳಿಕೊಂಡು ಹೋಗಿ ಒದ್ದಿ ಮಣ್ಣಿನ ಅಂಚಿಗೆ ಇಡ್ತದ. ಅಲ್ಲಿರೋತನಕ ಗಿಡಕ್ಕ ಚಿಂತಿ ಇಲ್ಲ. ಗಂಡಾಂತರ ಇರೋದು ಸಣ್ಣ ಮಳಿಯಾಗ. ಜಿಟಿಜಿಟಿ ಮಳಿ ಬಂದು ಆ ಉಪ್ಪನ್ನ ಬೇರಿನ ಮ್ಯಾಲ ತಿರುಗಿ ಇಳಸ್ತದ. ಹೋದ ವರ್ಷ ಮಳಿ ಬಂತಂತ ಮೋಟಾರ ಬಂದ್ ಮಾಡಿ ಕುಂತೆ, ಮೂರನೇ ದಿನ ಎಲಿ ಅಂಚು ಸುಟ್ಟಂಗ ಆತು. ಈಗ ಸಣ್ಣ ಮಳಿ ಬಂದ್ರ ಮಳಿಯಾಗ ಡ್ರಿಪ್ ಬಿಡ್ತೇನಿ, ಓಣಿಯವರು ನಗ್ತಾರ.

ಸವಣೂರಿನಿಂದ
ಎರಿ ಹೊಲದಾಗ ಹಂಗ ನೀರು ಬಿಟ್ರ ಬೇರ ಕೊಳೀತದ ಕಾಕಾ. ನಮ್ಮಲ್ಲಿ ಮೆಣಸಿನಗಿಡ ಹಿಂಗ ಸೊರಗಿ ಹೋಗ್ಯಾವ.

ಗದಗಿನಿಂದ
ದಿಬ್ಬದ ಮಡಿ ಇದ್ರ ಬಿಡ್ತೇನಿ, ಸಪಾಟ ಹೊಲದಾಗ ನನಗೂ ಧೈರ್ಯ ಇಲ್ಲ. ಮೊದಲ ನೀರು ಪರೀಕ್ಷೆಗೆ ಕೊಡು, ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದಾಗ ಕೇಳು. ಸೋಡಿಯಂ ಎಷ್ಟ ಐತಿ ಅನ್ನೋದನ್ನ ನೋಡು. ಸೋಡಿಯಂ ಜಾಸ್ತಿ ಇದ್ರ ಬರೇ ನೀರು ಬಿಟ್ಟು ತೊಳಿಯೋ ಲೆಕ್ಕ ಕೂಡೂದಿಲ್ಲ, ಎರಿ ಇನ್ನಷ್ಟ ಬಿಗಿ ಆಗ್ತದ.

ರೋಣ
ಎಂಟ ದಿನ ಆತು, ಹೇಳ್ತೇನಿ. ಹತ್ತ ಲೀಟರಿಗೆ ಎಂಟ ಎಂ.ಎಲ್. ಹೋತು, ಆ ಲೆಕ್ಕದಲೆ ಬಿಟ್ಟೆ. ತುದಿಯ ಡ್ರಿಪ್ಪರ್ ಮೊದಲ 80 ಎಂ.ಎಲ್. ಕೊಡತಿದ್ವು, ಈಗ 170 ರಿಂದ 190. ನಾಕ ಸಾಲಿನಾಗ ಸುಮಾರು ಮೂವತ್ತು ಇನ್ನೂ ಬಿಚ್ಚಿಲ್ಲ, ಅವನ್ನ ಕತ್ತರಿಸಿ ಹೊಸಾ ತುಂಡು ಜೋಡಸ್ತೇನಿ. 17:44:0 ಬಾಟ್ಲಿ ಎರಡ ದಿನ ಆದ್ರೂ ತಿಳಿ ಐತಿ. ನೀರಿನ ರಿಪೋರ್ಟ್ ಇನ್ನೂ ಬಂದಿಲ್ಲ, ಮಳಿ ಬಂದ್ರ ಕಾಕಾರ ಮಾತು ಕೇಳ್ಲೋ ಸವಣೂರಿನವರ ಮಾತು ಕೇಳ್ಲೋ ಅಂತ ಕುಂತೇನಿ.