ಜಿಪಿಎ ನಂಬಿ ಮನೆ ಕೊಳ್ಳುವ ಮೊದಲು

ಮಗಳು ಐದನೆಯ ತರಗತಿಗೆ ಬರುವಷ್ಟರಲ್ಲಿ ಮೈಸೂರಿಗೆ ಮರಳಬೇಕೆಂದು ಮನೆ ಹುಡುಕುತ್ತಿರುವ ಗೆಳತಿಗೆ ಈ ಉತ್ತರ. ಮಾಲೀಕರು ಕ್ಯಾಲಿಫೋರ್ನಿಯಾದಲ್ಲಿದ್ದಾರೆ, ಊರಿನಲ್ಲಿರುವ ಅವರ ತಮ್ಮ, ಮಾಲೀಕರ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಜಿಪಿಎ ಪತ್ರ ಹಿಡಿದು ಕ್ರಯಪತ್ರಕ್ಕೆ ಸಹಿ ಹಾಕುತ್ತಾರೆ, ನಂಬಬಹುದೇ ಎಂದು ಕೇಳಿದ್ದೀರಿ. ನಂಬಬಹುದು, ಆದರೆ ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಓದಿದ ಮೇಲೆ.

ನಾವೂ ಹೀಗೆಯೇ ಕೊಂಡವರು. ನಮಗೆ ತೋರಿಸಿದ ಎಂಟು ಪುಟಗಳ ಜಿಪಿಎಯಲ್ಲಿ ಬಾಡಿಗೆ ವಸೂಲಿ, ಕಂದಾಯ, ಖಾತೆ, ಮಾರಾಟದ ಕರಾರು ಎಲ್ಲವೂ ಇದ್ದವು. ಕ್ರಯಪತ್ರ ಬರೆದುಕೊಡುವ ಅಧಿಕಾರವೂ ಹಣ ಪಡೆಯುವ ಅಧಿಕಾರವೂ ಇರಲಿಲ್ಲ. ನ್ಯಾಯಾಲಯಗಳು ಇಂಥ ಪತ್ರವನ್ನು ಬಿಗಿಯಾಗಿ ಓದುತ್ತವೆ. ಬರೆಯದ ಅಧಿಕಾರವನ್ನು ಊಹಿಸಿಕೊಳ್ಳುವುದಿಲ್ಲ. ಹೊಸ ಪತ್ರ ಬರುವಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಷೆಡ್ಯೂಲಿನಲ್ಲಿರುವ ಚಕ್ಕುಬಂದಿ ನೀವು ಕೊಳ್ಳುವ ಮನೆಯದೇ ಎಂಬುದನ್ನೂ, ಇಷ್ಟಕ್ಕಿಂತ ಕಡಿಮೆ ಬೆಲೆಗೆ ಮಾರಬಾರದೆಂಬ ಮಿತಿ ಇದೆಯೇ ಎಂಬುದನ್ನೂ ನೋಡಿ.

ವಿದೇಶದಲ್ಲಿ ಸಹಿಯಾದ ಜಿಪಿಎ ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದ ಅಧಿಕಾರಿಯ ಎದುರು ಆಗಿರಬೇಕು. ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಆ ದಿನಾಂಕಗಳನ್ನು ಮೂಲ ಪತ್ರದಲ್ಲೇ ನೋಡಿ, ನಕಲಿನಲ್ಲಲ್ಲ.

ನನ್ನನ್ನು ನಿದ್ದೆಗೆಡಿಸಿದ್ದು ರದ್ದತಿಯ ಭಯ. ಮಾಲೀಕರು ಯಾವಾಗ ಬೇಕಾದರೂ ಜಿಪಿಎ ರದ್ದು ಮಾಡಬಹುದು, ಮತ್ತು ಅವರು ತೀರಿಕೊಂಡರೆ ಅದು ತಾನಾಗಿಯೇ ಮುಗಿಯುತ್ತದೆ. ರದ್ದಾದದ್ದು ತಿಳಿಯದೆ ವ್ಯವಹರಿಸಿದವರಿಗೆ 1872ರ ಕರಾರು ಕಾಯ್ದೆಯ 208ನೆಯ ಕಲಮಿನಲ್ಲಿ ಒಂದಿಷ್ಟು ರಕ್ಷಣೆ ಇದೆ. ಆದರೆ ತಿಳಿದಿರಲಿಲ್ಲವೆಂದು ವಾರಸುದಾರರೊಂದಿಗೆ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ವಾದಿಸುವುದು ಯಾರಿಗೆ ಬೇಕು? ‘ರದ್ದುಪಡಿಸಲಾಗದು’ ಎಂದು ಪತ್ರದಲ್ಲಿ ಬರೆದಿದ್ದರೂ ನೆಮ್ಮದಿಪಡಬೇಡಿ. ಜಿಪಿಎ ಪಡೆದ ಮುಖ್ತಿಯಾರನಿಗೆ ಆ ಆಸ್ತಿಯಲ್ಲಿ ಸ್ವಂತ ಹಕ್ಕು ಸೇರಿಕೊಂಡಿದ್ದರೆ ಮಾತ್ರ, 202ನೆಯ ಕಲಮಿನಂತೆ, ಆ ಮಾತಿಗೆ ಬಲ. ಋಣಭಾರ ಪ್ರಮಾಣಪತ್ರದಲ್ಲಿಯೂ ನೋಂದಣಿಯಾಗದ ರದ್ದತಿ ಕಾಣುವುದಿಲ್ಲ.

ಹಾಗಾಗಿ ನೋಂದಣಿಯ ದಿನ ಬೆಳಗ್ಗೆ ಹನ್ನೊಂದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಜಗುಲಿಯಿಂದಲೇ ಮಾಲೀಕರಿಗೆ ವಿಡಿಯೊ ಕರೆ ಮಾಡಿದೆವು. ಅಲ್ಲಿ ರಾತ್ರಿ ಹತ್ತೂವರೆ. ಜಿಪಿಎಯನ್ನು ರದ್ದು ಮಾಡಿಲ್ಲ, ಈ ಬೆಲೆಗೆ ಒಪ್ಪಿದ್ದೇನೆ ಎಂದು ಅವರು ಆಗಲೇ ಇಮೇಲ್ ಕಳುಹಿಸಿದರು. ಅದು ಕೈಸೇರಿದ ಮೇಲೆಯೇ ಸಹಿಗಳಾದವು. ಹಣವನ್ನು ತಮ್ಮನ ಖಾತೆಗೆ ಹಾಕದೆ ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಒ ಖಾತೆಗೆ, ಮಾಲೀಕರ ಹೆಸರಿಗೇ ಕಳುಹಿಸಿದೆವು.

ಇನ್ನೊಂದು ಮಾತು. ಸಹಿ ಹಾಕುವ ತಮ್ಮ ಮೈಸೂರಿನವರಾದರೂ ಮಾರುವವರು ಅನಿವಾಸಿಗಳೇ. ಆದ್ದರಿಂದ ಕೊಳ್ಳುವವರು ಬೆಲೆಯಲ್ಲೇ ಕಡಿದು ಸರ್ಕಾರಕ್ಕೆ ಕಟ್ಟುವ ಟಿಡಿಎಸ್ ತೆರಿಗೆಗೆ, ನಿವಾಸಿಗಳಿಂದ ಕೊಳ್ಳುವಾಗಿನ ಶೇಕಡಾ ಒಂದರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅನಿವಾಸಿಗಳ ದರದಲ್ಲೇ ಕಡಿತ ಮಾಡಬೇಕು. ತಪ್ಪಿದರೆ ನೋಟಿಸು ಬರುವುದು ಕೊಂಡವರಿಗೆ.